ಕರೆಂಟ್ ಕಂಬ ನೋಡಿ ಆಸ್ಟ್ರೇಲಿಯಾದ ಯಾವ ರಾಜ್ಯ ಅಂತ ಹೇಳೋದು

ಪ್ರಶ್ನೆ: ರಸ್ತೆ ಫೋಟೋ ನೋಡಿ ಅದು ಯಾವ ಜಾಗ ಅಂತ ಮ್ಯಾಪಲ್ಲಿ ಪಿನ್ ಹಾಕೋ ಗೇಮಲ್ಲಿ ಆಸ್ಟ್ರೇಲಿಯಾ ಬಂದ್ರೆ ನಂಗೆ ಬರೀ ಒಣ ಹುಲ್ಲು, ನೇರ ರಸ್ತೆ, ಕರೆಂಟ್ ಕಂಬ ಅಷ್ಟೇ ಕಾಣೋದು. ಕಂಬ ನೋಡಿ ರಾಜ್ಯ ಹೇಳೋಕಾಗುತ್ತಾ?

ಒಂದು ರಾಜ್ಯನ ಮಾತ್ರ ಕಣ್ಣು ಮುಚ್ಕೊಂಡು ಹೇಳಬಹುದು, ಸೌತ್ ಆಸ್ಟ್ರೇಲಿಯಾ. ಅಲ್ಲಿನ ಕಂಬಕ್ಕೆ ಸ್ಟೋಬಿ ಪೋಲ್ ಅಂತಾರೆ. ನಮ್ಮೂರಲ್ಲಿ ಮನೆ ಕಟ್ಟೋವಾಗ ತರೋ ಕಬ್ಬಿಣದ ತೊಲೆ ಇರುತ್ತಲ್ಲ, ಐ ಆಕಾರದ್ದು, ಅಂಥವು ಎರಡನ್ನ ಎದುರುಬದುರು ನಿಲ್ಲಿಸಿ, ನಡುವೆ ಕಾಂಕ್ರೀಟ್ ತುಂಬಿ, ಅಲ್ಲಲ್ಲಿ ಬೋಲ್ಟ್ ಹಾಕಿ ಬಿಗಿದಿರ್ತಾರೆ. ಒಂದು ಕಡೆಯಿಂದ ನೋಡಿದ್ರೆ ಅಗಲವಾದ ಬೂದಿ ಬಣ್ಣದ ಹಲಗೆ ಥರ, ಎರಡೂ ಅಂಚಲ್ಲಿ ಕಬ್ಬಿಣದ ಗೆರೆ. ಪಕ್ಕಕ್ಕೆ ಹೋಗಿ ನೋಡಿದ್ರೆ ಬರೀ ತೆಳ್ಳಗಿನ ಕಬ್ಬಿಣ. ಅದಕ್ಕೇ ಒಂದೇ ಜಾಗದಲ್ಲಿ ನಿಂತು ನಿರ್ಧಾರ ಮಾಡ್ಬೇಡಿ, ರಸ್ತೇಲಿ ನಾಲ್ಕು ಹೆಜ್ಜೆ ಮುಂದೆ ಹೋಗಿ ಅದೇ ಕಂಬನ ತಿರುಗಿ ನೋಡಿ, ಅಗಲ ಬದಲಾದ್ರೆ ಮುಗೀತು.

ಯಾಕೆ ಅಲ್ಲೇ ಹಿಂಗೆ ಅಂದ್ರೆ, ಆ ರಾಜ್ಯದಲ್ಲಿ ಕಂಬಕ್ಕಾಗೋ ಒಳ್ಳೆ ಉದ್ದ ಮರ ಕಡಿಮೆ, ಹಾಕಿದ ಮರಕ್ಕೂ ಗೆದ್ದಲು ಕಾಟ. ಅಡಿಲೇಡ್ ಕರೆಂಟ್ ಕಂಪನೀಲಿದ್ದ ಜೇಮ್ಸ್ ಸಿರಿಲ್ ಸ್ಟೋಬಿ ಅನ್ನೋ ಎಂಜಿನಿಯರ್ 1924ರಲ್ಲಿ ಈ ಡಿಸೈನ್ ಮಾಡಿದ್ರು, ಆಮೇಲೆ ಇಡೀ ರಾಜ್ಯಕ್ಕೆ ಅದೇ ಆಗೋಯ್ತು. ಬೇರೆ ರಾಜ್ಯಗಳಲ್ಲಿ ನೀಲಗಿರಿ ಜಾತಿ ಮರ ಬೇಕಾದಷ್ಟು ಸಿಗೋದ್ರಿಂದ ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾ ಎಲ್ಲಾ ಕಡೆ ಹೆಚ್ಚಾಗಿ ಮರದ ಕಂಬನೇ ಕಾಣುತ್ತೆ. ಅಂದ್ರೆ ಮರದ ಕಂಬ ಕಂಡ್ರೆ ರಾಜ್ಯ ಗೊತ್ತಾಗಲ್ಲ, ಸೌತ್ ಆಸ್ಟ್ರೇಲಿಯಾ ಅಲ್ಲ ಅನ್ನೋ ಅನುಮಾನ ಬಲ ಆಗುತ್ತೆ ಅಷ್ಟೇ.

ಈಗ ತಂತಿ ವಿಷ್ಯ, ಇಲ್ಲಿ ನಾನೇ ಒಂದ್ಸಲ ಸರಿಯಾಗಿ ಬೇಸ್ತು ಬಿದ್ದಿದ್ದೆ. ಹೊಲದ ನಡುವೆ ಕಂಬ, ಅದರ ತುದೀಲಿ ಒಂದೇ ಒಂದು ತಂತಿ, ಅಡ್ಡಪಟ್ಟಿ ಇಲ್ಲ ಏನಿಲ್ಲ. ಹಿಂದಿನ ಸಲ ಸೌತ್ ಆಸ್ಟ್ರೇಲಿಯಾದಲ್ಲಿ ಹಿಂಗೇ ನೋಡಿದ್ದೆ ಅಂತ ಅಲ್ಲೇ ಪಿನ್ ಚುಚ್ಚಿದೆ, ಉತ್ತರ ನೋಡಿದ್ರೆ ಕ್ವೀನ್ಸ್‌ಲ್ಯಾಂಡ್! ಕಂಬ ಮರದ್ದಾಗಿತ್ತು, ನಾನು ತಂತಿ ಎಣಿಸೋ ಖುಷೀಲಿ ಅದನ್ನ ನೋಡೇ ಇಲ್ಲ.

ಆ ಒಂಟಿ ತಂತಿಗೆ ಸಿಂಗಲ್ ವೈರ್ ಅರ್ತ್ ರಿಟರ್ನ್, ಚಿಕ್ಕದಾಗಿ ಎಸ್‌ಡಬ್ಲ್ಯುಇಆರ್ ಅಂತಾರೆ. ಕರೆಂಟ್ ಹೋಗೋದು ತಂತೀಲಿ, ವಾಪಸ್ ಬರೋದು ಭೂಮಿ ಮೂಲಕ, ಎರಡನೇ ತಂತಿ ಖರ್ಚೇ ಇಲ್ಲ. ಫಾರ್ಮ್‌ಗೂ ಫಾರ್ಮ್‌ಗೂ ಮಧ್ಯೆ ಹತ್ತಾರು ಕಿಲೋಮೀಟರ್, ಪ್ರತಿ ಮನೇಲೂ ಲೋಡ್ ಸ್ವಲ್ಪ, ಅಂಥ ಕಡೆಗೆ ಇದು ಸರಿ. ಸಾಮಾನ್ಯವಾಗಿ 12.7 ಇಲ್ಲಾ 19.1 ಕಿಲೋವೋಲ್ಟ್ ಇರುತ್ತೆ, ಅಂದ್ರೆ 22 ಮತ್ತು 33 ಕಿಲೋವೋಲ್ಟ್ ತ್ರೀ ಫೇಸ್ ಲೈನಲ್ಲಿ ಒಂದು ಫೇಸ್‌ಗೂ ಭೂಮಿಗೂ ನಡುವೆ ಇರೋವಷ್ಟು. ನಮ್ಮ ಕಡೆ ಹೊಲದಲ್ಲಿ ಇದು ಕಾಣಲ್ಲ, ಯಾಕಂದ್ರೆ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಬೇಕು, ಒಂದು ತಂತೀಲಿ ಸಿಗೋದು ಸಿಂಗಲ್ ಫೇಸ್. ಅದಕ್ಕೇ ನಮ್ಮ 11 ಕೆವಿ ಲೈನಲ್ಲಿ ಮೂರು ತಂತಿ.

ಒಂಟಿ ತಂತಿ ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ಬ್ರೆಜಿಲ್‌ಲೂ ಇದೆ, ಹಾಗಾಗಿ ಅದು ಹೇಳೋದು ಇಷ್ಟೇ: ಜನ ಕಡಿಮೆ ಇರೋ ದೂರದ ಹಳ್ಳಿಗಾಡು. ರಾಜ್ಯ ಹೇಳೋದು ಕಂಬ. ಸ್ಟೋಬಿ ಮೇಲೆ ಒಂಟಿ ತಂತಿ ಇದ್ರೆ ಸೌತ್ ಆಸ್ಟ್ರೇಲಿಯಾದ ಹಳ್ಳಿಗಾಡು, ಅಡಿಲೇಡ್ ಊರೊಳಗೆ ಪಿನ್ ಹಾಕ್ಬೇಡಿ.

ಇನ್ನೊಂದು, ಆ ಫೋಟೋಗಳಲ್ಲಿ ತಂತಿ ಎಷ್ಟೋ ಸಲ ಬಿಳಿ ಆಕಾಶದಲ್ಲಿ ಕರಗಿಹೋಗಿರುತ್ತೆ. ಆಗ ತಂತಿ ಎಣಿಸೋಕೆ ಹೋಗ್ಬೇಡಿ, ಕಂಬದ ತುದೀಲಿ ತಂತಿ ಹಿಡಿದಿರೋ ಇನ್ಸುಲೇಟರ್ ಎಣಿಸಿ, ಅದು ದಪ್ಪ ಇರೋದ್ರಿಂದ ಕಾಣುತ್ತೆ. ಕಂಬದ ಮಧ್ಯದಲ್ಲಿ ಕೆಳಗೆ ಜೋತಾಡೋ ದಪ್ಪ ಕಪ್ಪು ಕೇಬಲ್ ಇದ್ರೆ ಅದು ಫೋನಿಂದೋ ಇಂಟರ್ನೆಟ್ಟಿಂದೋ ಇರಬಹುದು, ಅದನ್ನ ಲೆಕ್ಕಕ್ಕೆ ಸೇರಿಸಿದ್ರೆ ಒಂಟಿ ತಂತಿ ಎರಡಾಗಿ ಮತ್ತೆ ನನ್ನ ಥರ ದಾರಿ ತಪ್ತೀರ. ದೂರದ ಕಂಬ ಮಸುಕಾಗಿದ್ರೆ ರಸ್ತೆ ಮೇಲೆ ಬಿದ್ದ ನೆರಳು ನೋಡಿ, ಅಡ್ಡಪಟ್ಟಿ ಇದ್ಯೋ ಇಲ್ವೋ ಅಲ್ಲಿ ಗೊತ್ತಾಗಿಬಿಡುತ್ತೆ.