ಅಡ್ಮಿಷನ್ ಮುಂದಿನ ವರ್ಷಕ್ಕೆ ಹಾಕಿಸಿಕೊಳ್ಳಲು ಪತ್ರ ಹೀಗಿರಲಿ

*ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಈ ಆಗಸ್ಟ್‌ಗೆ ಎಂ.ಎಸ್. ಸೀಟು ಸಿಕ್ಕಿದೆ. ಡಿಪಾಸಿಟ್ ಕಟ್ಟಿದ್ದೇನೆ, ವೀಸಾಕ್ಕೆ ಬೇಕಾದ ವಿಶ್ವವಿದ್ಯಾಲಯದ ಐ-20 ಪತ್ರ ಬಂದಿದೆ, ವಿದೇಶಿ ವಿದ್ಯಾರ್ಥಿಗಳ ದಾಖಲೆ ಇಡುವ ಸೆವಿಸ್ ವ್ಯವಸ್ಥೆಯ ಶುಲ್ಕವೂ ಆಗಿದೆ. ಜುಲೈನಲ್ಲಿ ಚೆನ್ನೈಯಲ್ಲಿ ವೀಸಾ ಇಂಟರ್‌ವ್ಯೂ. ಜೂನ್ ಮೊದಲ ವಾರ ಅಪ್ಪನಿಗೆ ಸ್ಟ್ರೋಕ್ ಆಯಿತು. ಎಡಗೈ, ಎಡಗಾಲು ಎತ್ತಲಾಗುತ್ತಿಲ್ಲ. ಮನೆಯಲ್ಲಿ ಅಮ್ಮ, ನಾನು ಇಬ್ಬರೇ. ಒಂದು ವರ್ಷ ಮುಂದೂಡಿ ಎಂದು ಕೇಳಲು ಎರಡು ಪುಟದ ಪತ್ರ ಬರೆದಿಟ್ಟುಕೊಂಡಿದ್ದೇನೆ, ಕಳಿಸಲು ಧೈರ್ಯ ಬರುತ್ತಿಲ್ಲ. ಜೊತೆಗಿಟ್ಟಿದ್ದೇನೆ, ನೋಡಿ ಹೇಳಿ.*
*– ಓದುಗರು, ಶಿವಮೊಗ್ಗ*

ನಿಮ್ಮ ತಂದೆಯವರು ಬೇಗ ಚೇತರಿಸಿಕೊಳ್ಳಲಿ. ಪತ್ರವನ್ನು ಪೂರ್ತಿ ಓದಿದೆವು. ಅದರಲ್ಲಿರುವುದೆಲ್ಲ ನಿಜ, ಓದಿದವರ ಮನಸ್ಸು ಕರಗುತ್ತದೆ. ಆದರೆ ಅಡ್ಮಿಷನ್ ಆಫೀಸಿನವರು ಪತ್ರ ತೆರೆದಾಗ ಅವರಿಗೆ ಬೇಕಿರುವುದು ಎರಡು ವಿಷಯ ಮಾತ್ರ: ನಿಮ್ಮ ಹೆಸರನ್ನು ಯಾವ ಟರ್ಮ್‌ಗೆ ಬದಲಿಸಬೇಕು, ಆಗ ನೀವು ಖಂಡಿತ ಬರುತ್ತೀರಾ. ನಿಮ್ಮ ಎರಡು ಪುಟದಲ್ಲಿ ಈ ಎರಡಕ್ಕೂ ಉತ್ತರ ಇಲ್ಲ. ಎರಡನೇ ಪುಟದ ಕೊನೆಯಲ್ಲಿ 'ಅಪ್ಪ ಯಾವಾಗ ಹುಷಾರಾಗುತ್ತಾರೋ ಹೇಳಲಾಗದು, ದಯವಿಟ್ಟು ನನ್ನ ಸೀಟು ಕಾಯ್ದಿಡಿ' ಎಂದಿದ್ದೀರಿ. ಈ ಒಂದು ವಾಕ್ಯ ಇಡೀ ಕೋರಿಕೆಯನ್ನು ಕೆಡಿಸುತ್ತದೆ. ಗಡುವಿಲ್ಲದೆ ಸೀಟು ಕಾಯ್ದಿಡುವ ವ್ಯವಸ್ಥೆ ಅಲ್ಲಿಲ್ಲ. ಒಂದು ಟರ್ಮ್‌ನಿಂದ ಇನ್ನೊಂದು ನಿರ್ದಿಷ್ಟ ಟರ್ಮ್‌ಗೆ ವರ್ಗಾಯಿಸುವುದು ಮಾತ್ರ ಅವರ ಕೈಯಲ್ಲಿದೆ.

ಆದ್ದರಿಂದ ಮೊದಲು ಟರ್ಮ್ ನಿರ್ಧರಿಸಿ. ಜನವರಿಯ ಸ್ಪ್ರಿಂಗ್ ಹತ್ತಿರವಿದೆ ಎಂದು ಅದನ್ನು ಕೇಳುವ ಆಸೆಯಾಗುವುದು ಸಹಜ. ಸ್ಟ್ರೋಕ್ ಆದಮೇಲೆ ಕೈಕಾಲಿನ ಚಲನೆ ಹೆಚ್ಚಾಗಿ ಮರಳುವುದು ಮೊದಲ ಮೂರರಿಂದ ಆರು ತಿಂಗಳಲ್ಲಿ. ದಿನವೂ ಫಿಸಿಯೋಥೆರಪಿ ಬೇಕಾಗುವುದೂ ಆಗಲೇ. ಜೂನ್‌ನಿಂದ ಲೆಕ್ಕ ಹಾಕಿದರೆ ಆ ಅವಧಿ ಡಿಸೆಂಬರ್‌ಗೆ ಮುಗಿಯುತ್ತದೆ. ಜನವರಿಯಲ್ಲಿ ಕ್ಲಾಸಿಗೆ ಕೂರಬೇಕಾದರೆ ಅಕ್ಟೋಬರ್, ನವೆಂಬರ್‌ನಲ್ಲೇ ವೀಸಾಕ್ಕೆ ಓಡಾಡಬೇಕು, ಅಂದರೆ ನೀವು ಮನೆಯಲ್ಲಿ ಇರಲೇಬೇಕಾದ ತಿಂಗಳುಗಳಲ್ಲೇ. ಇನ್ನೂ ಒಂದು ತೊಡಕಿದೆ. ಎಷ್ಟೋ ಎಂ.ಎಸ್. ಕೋರ್ಸ್‌ಗಳಲ್ಲಿ ಕಡ್ಡಾಯ ವಿಷಯಗಳು ಆಗಸ್ಟ್‌ನ ಫಾಲ್‌ನಲ್ಲಿ ಶುರುವಾಗಿ ಸ್ಪ್ರಿಂಗ್‌ನಲ್ಲಿ ಮುಂದುವರಿಯುತ್ತವೆ. ನಡುವೆ ಸೇರಿದವರಿಗೆ ಮೊದಲ ಭಾಗ ಓದದೆ ಎರಡನೆಯದನ್ನು ತೆಗೆದುಕೊಳ್ಳಲು ಬಿಡುವುದಿಲ್ಲ, ಓದು ಒಂದು ಸೆಮಿಸ್ಟರ್ ಉದ್ದವಾಗುತ್ತದೆ, ಆ ಸೆಮಿಸ್ಟರ್‌ನ ಫೀಸು, ಬಾಡಿಗೆ ಎರಡೂ ಮೈಮೇಲೆ ಬರುತ್ತವೆ. ನಿಮ್ಮ ಪರಿಸ್ಥಿತಿಗೆ 2027ರ ಫಾಲ್ ಸರಿ. ಅದೊಂದನ್ನೇ ಕೇಳಿ. 'ಸ್ಪ್ರಿಂಗ್ ಆದರೂ ಆಗಬಹುದು, ಫಾಲ್ ಆದರೂ ಸರಿ' ಎಂದು ಬರೆದರೆ ನೀವಿನ್ನೂ ತೀರ್ಮಾನಿಸಿಲ್ಲ ಎಂದು ಅವರಿಗೆ ಅನ್ನಿಸುತ್ತದೆ.

ಬರೆಯುವ ಮುಂಚೆ ಆಫರ್ ಲೆಟರನ್ನೂ ನಿಮ್ಮ ಡಿಪಾರ್ಟ್‌ಮೆಂಟಿನ ಅಡ್ಮಿಷನ್ ಪುಟವನ್ನೂ ಇನ್ನೊಮ್ಮೆ ಓದಿ. ಕೆಲವು ಕಡೆ ನಿರ್ಧಾರ ಗ್ರಾಜುಯೇಟ್ ಸ್ಕೂಲಿನದು, ಕೆಲವು ಕಡೆ ಡಿಪಾರ್ಟ್‌ಮೆಂಟಿನದು. ಕೆಲವರು ಪ್ರವೇಶ ಮುಂದೂಡುವ ಈ ಡೆಫರಲ್ ಅನ್ನು ಒಂದು ವರ್ಷದವರೆಗೆ ಕೊಡುತ್ತಾರೆ, ಕೆಲವರು ಒಂದೇ ಸೆಮಿಸ್ಟರ್, ಇನ್ನು ಕೆಲವರು ಡೆಫರಲ್ ಕೊಡುವುದೇ ಇಲ್ಲ, ಹೊಸದಾಗಿ ಅರ್ಜಿ ಹಾಕಿ ಎನ್ನುತ್ತಾರೆ. ಅರ್ಜಿ ಹಾಕಿದ್ದ ಪೋರ್ಟಲ್‌ನಲ್ಲೇ ಡೆಫರಲ್ ಫಾರ್ಮ್ ಇದ್ದರೆ ಅದನ್ನು ತುಂಬಲೇಬೇಕು. ಇಮೇಲ್ ಮಾತ್ರ ಕಳಿಸಿ ಫಾರ್ಮ್ ಬಿಟ್ಟವರ ಕೋರಿಕೆ ಯಾರ ಮೇಜಿಗೂ ಹೋಗದೆ ಉಳಿದುಬಿಡುತ್ತದೆ. ಅಲ್ಲಿ ಕಾರಣ ಬರೆಯಲು ಚಿಕ್ಕ ಚೌಕವಿದ್ದರೆ ಕೆಳಗಿನ ಪತ್ರದ ಎರಡನೇ ಪ್ಯಾರಾ ಸಾಕು, ಪೂರ್ತಿ ಪತ್ರವನ್ನು ಪಿಡಿಎಫ್ ಮಾಡಿ ಲಗತ್ತಿಸಿ.

ಪತ್ರ ಇಂಗ್ಲಿಷಿನಲ್ಲೇ ಹೋಗಬೇಕು. ಯಾವ ಮಾತಾದಮೇಲೆ ಯಾವ ಮಾತು ಬರಬೇಕೆಂದು ತಿಳಿಯಲೆಂದು ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇವೆ:

> ಅಡ್ಮಿಷನ್ ಸಮಿತಿಯವರಿಗೆ,
>
> ನಾನು 2026ರ ಫಾಲ್ ಟರ್ಮ್‌ಗೆ ಎಂ.ಎಸ್. ಪ್ರೋಗ್ರಾಮ್‌ಗೆ ಆಯ್ಕೆಯಾಗಿ, ಆಫರ್ ಒಪ್ಪಿಕೊಂಡು ಡಿಪಾಸಿಟ್ ಕಟ್ಟಿದ್ದೇನೆ. ನನ್ನ ಪ್ರವೇಶವನ್ನು 2027ರ ಫಾಲ್‌ಗೆ ಮುಂದೂಡಬೇಕೆಂದು ಕೋರುತ್ತೇನೆ.
>
> ಜೂನ್ ಮೊದಲ ವಾರ ನನ್ನ ತಂದೆಗೆ ಸ್ಟ್ರೋಕ್ ಆಗಿ ದೇಹದ ಎಡಭಾಗ ದುರ್ಬಲವಾಗಿದೆ. ಮುಂದಿನ ಆರು ತಿಂಗಳು ದಿನವೂ ಫಿಸಿಯೋಥೆರಪಿ ಮತ್ತು ಜೊತೆಗೊಬ್ಬರು ಇರುವುದು ಅಗತ್ಯವೆಂದು ನರರೋಗ ತಜ್ಞರು ತಿಳಿಸಿದ್ದಾರೆ. ಮನೆಯಲ್ಲಿ ತಾಯಿಯ ಜೊತೆಗೆ ಆರೈಕೆ ಮಾಡಬಲ್ಲವಳು ನಾನೊಬ್ಬಳೇ. ಹೀಗಾಗಿ ಆಗಸ್ಟ್‌ನಲ್ಲಿ ತರಗತಿಗೆ ಹಾಜರಾಗಲು ಸಾಧ್ಯವಿಲ್ಲ.
>
> 2027ರ ಬೇಸಿಗೆಯ ಹೊತ್ತಿಗೆ ಆರೈಕೆಗೆ ಬೇರೆ ಏರ್ಪಾಡು ಮಾಡಲಿದ್ದೇವೆ. ಈ ನಡುವೆ ಬೇರೆ ಯಾವುದೇ ಪದವಿ ಕೋರ್ಸಿಗೆ ಸೇರುವುದಿಲ್ಲ. ವೈದ್ಯರ ಪತ್ರ ಲಗತ್ತಿಸಿದ್ದೇನೆ.
>
> ಡೆಫರಲ್ ಒಪ್ಪಿಗೆಯಾದರೆ ಡಿಪಾಸಿಟ್ ಮುಂದಿನ ವರ್ಷಕ್ಕೆ ಸಲ್ಲುತ್ತದೆಯೇ, ನಾನು ಮತ್ತೆ ಯಾವ ದಾಖಲೆ ಕಳಿಸಬೇಕು ಎಂಬುದನ್ನು ದಯವಿಟ್ಟು ತಿಳಿಸಿ.

ಕೆಳಗೆ ಅರ್ಜಿಯಲ್ಲಿದ್ದಂತೆಯೇ ಹೆಸರು, ಅರ್ಜಿ ಸಂಖ್ಯೆ, ಹುಟ್ಟಿದ ದಿನಾಂಕ. ಇಮೇಲ್‌ನ ವಿಷಯದ ಸಾಲಿನಲ್ಲೂ ಅರ್ಜಿ ಸಂಖ್ಯೆ ಮತ್ತು ಎರಡು ಟರ್ಮ್‌ಗಳ ಹೆಸರು ಇರಲಿ. ಅರ್ಜಿ ಹಾಕಿದ್ದ ಇಮೇಲ್ ವಿಳಾಸದಿಂದಲೇ ಕಳಿಸಿ.

ಪತ್ರದ ಮೂರನೇ ಪ್ಯಾರಾವನ್ನು ಗಮನಿಸಿ. 'ಅಪ್ಪ ಗುಣವಾಗಿರುತ್ತಾರೆ' ಎಂದು ಅಲ್ಲಿಲ್ಲ, ಅದನ್ನು ಯಾರೂ ಬರೆದುಕೊಡಲಾರರು. 'ಬೇರೆ ಏರ್ಪಾಡು ಮಾಡಲಿದ್ದೇವೆ' ಎಂದಿದೆ. ಅದು ನಿಮ್ಮ ಕೈಯಲ್ಲಿರುವ ಮಾತು. ಆದರೆ ಬರೆದಮೇಲೆ ಅದು ನಿಜವಾಗಿರಬೇಕು. ಊರಿನ ಚಿಕ್ಕಮ್ಮ ಬಂದಿರುತ್ತಾರೋ, ಹೋಮ್ ನರ್ಸ್ ಇಡುತ್ತೀರೋ, ಅಮ್ಮನ ಜೊತೆ ಕೂತು ಈಗಲೇ ಮಾತಾಡಿ.

ನಿಮ್ಮ ಕರಡಿನಿಂದ ತೆಗೆದುಹಾಕಿದ್ದರಲ್ಲಿ ಮುಖ್ಯವಾದದ್ದು ಆಸ್ಪತ್ರೆ ಬಿಲ್ಲಿನ ಮಾತು. ಉಳಿತಾಯವೆಲ್ಲ ಚಿಕಿತ್ಸೆಗೆ ಖರ್ಚಾಯಿತು ಎಂದು ಬರೆದಿದ್ದೀರಿ. ಡೆಫರಲ್‌ಗೆ ಕಾರಣ ಆರೈಕೆ, ಅದೇ ಸಾಕಷ್ಟು ಬಲವಾಗಿದೆ. ಅದರ ಜೊತೆ ಹಣದ ಮಾತು ಸೇರಿಸಿದರೆ ಮುಂದಿನ ವರ್ಷವಾದರೂ ಫೀಸು ಕಟ್ಟಬಲ್ಲರೇ ಎಂಬ ಪ್ರಶ್ನೆ ಏಳುತ್ತದೆ. ಇದು ಮುಚ್ಚಿಡುವುದಲ್ಲ. ಹೊಸ ಐ-20ಗೆ ಹೊಸದಾಗಿ ಬ್ಯಾಂಕ್ ದಾಖಲೆ ಕೇಳಿಯೇ ಕೇಳುತ್ತಾರೆ, ಹಣದ ಲೆಕ್ಕ ಕೊಡಬೇಕಾದದ್ದು ಅಲ್ಲಿ.

ಸ್ಕ್ಯಾನ್ ರಿಪೋರ್ಟ್, ಡಿಸ್ಚಾರ್ಜ್ ಸಮರಿ ಕಳಿಸಬೇಡಿ. ಅವು ನಿಮ್ಮ ತಂದೆಯವರ ಖಾಸಗಿ ಕಾಗದ, ಅಲ್ಲಿ ಓದುವವರು ವೈದ್ಯರೂ ಅಲ್ಲ. ಬೇಕಿರುವುದು ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ ಇಂಗ್ಲಿಷಿನ ಅರ್ಧ ಪುಟ. ರೋಗಿಯ ಹೆಸರು, ನಿಮಗಿರುವ ಸಂಬಂಧ, ಏನಾಯಿತು ಮತ್ತು ಯಾವ ದಿನಾಂಕ, ಎಷ್ಟು ತಿಂಗಳು ಆರೈಕೆ ಬೇಕು, ಮನೆಯವರು ಜೊತೆಗಿರಬೇಕು ಎಂಬ ಮಾತು, ಸಹಿ, ಮೊಹರು, ವೈದ್ಯರ ನೋಂದಣಿ ಸಂಖ್ಯೆ. 'ಬೆಡ್ ರೆಸ್ಟ್ ಸಲಹೆ ಮಾಡಲಾಗಿದೆ' ಎಂಬ ಎಂದಿನ ಒಂದು ಸಾಲಿನ ಸರ್ಟಿಫಿಕೇಟ್ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಅದರಲ್ಲಿ ಅವಧಿಯೂ ಇಲ್ಲ, ನಿಮ್ಮ ಪಾತ್ರವೂ ಇಲ್ಲ. ಓಪಿಡಿ ಗಡಿಬಿಡಿಯಲ್ಲಿ ವೈದ್ಯರಿಗೆ ಇಷ್ಟನ್ನು ಕೂತು ಬರೆಯಲು ಆಗುವುದಿಲ್ಲ. ಈ ಅಂಶಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಪತ್ರ ಕಳಿಸುವ ಮುಂಚೆ ತಂದೆಯವರ ಒಪ್ಪಿಗೆಯನ್ನೂ ಕೇಳಿ.

ಇನ್ನು ಹೆಚ್ಚು ಜನ ಎಡವುವ ಜಾಗಕ್ಕೆ ಬರೋಣ. ಅಡ್ಮಿಷನ್ ಆಫೀಸ್ ಒಪ್ಪಿತು ಎಂದಮಾತ್ರಕ್ಕೆ ಐ-20 ತಾನಾಗಿ ಮುಂದೆ ಹೋಗುವುದಿಲ್ಲ. ಅದನ್ನು ನೋಡಿಕೊಳ್ಳುವುದು ವಿದೇಶಿ ವಿದ್ಯಾರ್ಥಿಗಳ ಬೇರೆಯೇ ಆಫೀಸು. ಒಪ್ಪಿಗೆಯ ಇಮೇಲ್ ಬಂದ ದಿನವೇ ಅದನ್ನು ಅವರಿಗೆ ಕಳಿಸಿ, ಈಗಿನ ಸೆವಿಸ್ ದಾಖಲೆಯಲ್ಲೇ ಪ್ರೋಗ್ರಾಮ್ ಶುರುವಾಗುವ ದಿನಾಂಕ ಬದಲಿಸಿ ಹೊಸ ಐ-20 ಕೊಡಿ ಎಂದು ಕೇಳಿ. 'ಈಗಿನ ದಾಖಲೆಯಲ್ಲೇ' ಎಂಬುದು ಮುಖ್ಯ. ನೀವು ಕಟ್ಟಿರುವ 350 ಡಾಲರ್ ಸೆವಿಸ್ ಶುಲ್ಕ, ಅಂದರೆ ಐ-901 ಶುಲ್ಕ, ಐ-20ಯಲ್ಲಿರುವ ಸೆವಿಸ್ ಸಂಖ್ಯೆಗೆ, ಎನ್ ಅಕ್ಷರದಿಂದ ಶುರುವಾಗುತ್ತದಲ್ಲ ಅದಕ್ಕೆ, ಅಂಟಿಕೊಂಡಿರುತ್ತದೆ. ಸಂಖ್ಯೆ ಅದೇ ಉಳಿದರೆ ಶುಲ್ಕವೂ ಉಳಿಯುತ್ತದೆ. ನೀವು ಸುಮ್ಮನಿದ್ದು ಆಗಸ್ಟ್ ದಾಟಿದರೆ, ವಿದ್ಯಾರ್ಥಿ ಬರಲಿಲ್ಲ ಎಂದು ಆ ದಾಖಲೆ ರದ್ದಾಗುತ್ತದೆ. ಒಂದು ವೇಳೆ ಹೊಸ ಸಂಖ್ಯೆಯೇ ಬಂದರೆ, ಮತ್ತೆ ಹಣ ಕಟ್ಟುವ ಮುಂಚೆ ಹಳೆಯ ಶುಲ್ಕವನ್ನು ಅದಕ್ಕೆ ವರ್ಗಾಯಿಸಬಹುದೇ ಎಂದು ಅದೇ ಆಫೀಸಿನಲ್ಲಿ ಕೇಳಿ. ಕೆಲವು ಕಡೆ ಹೊಸ ಐ-20 ಮುಂದಿನ ವರ್ಷವಷ್ಟೇ ಕೊಡುತ್ತಾರೆ. ಹಾಗಿದ್ದರೆ ಈಗಿನ ದಾಖಲೆಯನ್ನು ಏನು ಮಾಡುತ್ತಾರೆ ಎಂಬುದನ್ನು ಬರಹದಲ್ಲಿ ಪಡೆಯಿರಿ.

ಜುಲೈ ಇಂಟರ್‌ವ್ಯೂಗೆ ಹೇಗೂ ಸ್ಲಾಟ್ ಇದೆಯಲ್ಲ ಎಂದು ಹೋಗಬೇಡಿ. ಆಗಸ್ಟ್‌ಗೆ ಹೋಗುವುದಿಲ್ಲವೆಂದು ಗೊತ್ತಿದ್ದೂ ಆಗಸ್ಟ್‌ನ ಐ-20 ಹಿಡಿದು ಕೌಂಟರಿನ ಮುಂದೆ ನಿಲ್ಲುವುದು ಸರಿಯಲ್ಲ, ಮುಂದೆ ಅದೇ ತೊಂದರೆಯಾಗಬಹುದು. ಡೆಫರಲ್ ಒಪ್ಪಿಗೆಯಾದ ಮೇಲೆ ಸ್ಲಾಟ್ ರದ್ದುಮಾಡಿ. ವೀಸಾ ಅರ್ಜಿ ಶುಲ್ಕದ ರಸೀದಿ ಕಟ್ಟಿದ ದಿನದಿಂದ 365 ದಿನ ಊರ್ಜಿತ, ಅಷ್ಟರೊಳಗೆ ಹೊಸ ಸ್ಲಾಟ್ ಹಿಡಿಯಬೇಕು. ವಿದ್ಯಾರ್ಥಿ ವೀಸಾವನ್ನು ಪ್ರೋಗ್ರಾಮ್ ಶುರುವಾಗುವ ದಿನಕ್ಕೆ ಒಂದು ವರ್ಷ ಮುಂಚಿತವಾಗಿಯೂ ಕೊಡಬಹುದು, ಹಾಗಾಗಿ ಮುಂದಿನ ಮಾರ್ಚ್, ಏಪ್ರಿಲ್‌ನಲ್ಲೇ ಬುಕ್ ಮಾಡಲು ಅಡ್ಡಿಯಿಲ್ಲ. ನಿಮ್ಮಂತೆಯೇ ಕಷ್ಟಕ್ಕೆ ಸಿಕ್ಕಿ, ವೀಸಾ ಆಗಲೇ ಪಾಸ್‌ಪೋರ್ಟಿನಲ್ಲಿ ಇರುವವರು ವೀಸಾ ಮೇಲೆ ಅಚ್ಚಾದ ಸೆವಿಸ್ ಸಂಖ್ಯೆಯೂ ಹೊಸ ಐ-20ಯ ಸಂಖ್ಯೆಯೂ ಒಂದೇ ಇದೆಯೇ ಎಂದು ತಾಳೆ ನೋಡಬೇಕು. ಪ್ರಯಾಣ ಹೊಸ ಐ-20 ಕೈಗೆ ಬಂದಮೇಲೆಯೇ.

ಸ್ಕಾಲರ್‌ಶಿಪ್ ಅಥವಾ ಅಸಿಸ್ಟೆಂಟ್‌ಶಿಪ್ ಸಿಕ್ಕಿದ್ದರೆ ಅದು ಸಾಮಾನ್ಯವಾಗಿ ಸೀಟಿನ ಜೊತೆ ಮುಂದಿನ ವರ್ಷಕ್ಕೆ ಬರುವುದಿಲ್ಲ, ಏಕೆಂದರೆ ಆ ಹಣ ಆಯಾ ವರ್ಷದ ಬಜೆಟ್ಟಿನದು. ಡೆಫರಲ್ ಒಪ್ಪಿಗೆಯಾದ ಮೇಲೆ ಅದನ್ನು ಪ್ರತ್ಯೇಕವಾಗಿ ಕೇಳಿ. ಟೋಫೆಲ್, ಐಇಎಲ್‌ಟಿಎಸ್ ಅಂಕಗಳಿಗೆ ಎರಡು ವರ್ಷ, ಜಿಆರ್‌ಇಗೆ ಐದು ವರ್ಷ ಅವಧಿ. ನಿಮ್ಮ ಇಂಗ್ಲಿಷ್ ಪರೀಕ್ಷೆ 2025ರಲ್ಲಿ ಆಗಿದ್ದರೆ 2027ರ ಆಗಸ್ಟ್‌ಗೆ ಅದನ್ನೇ ಒಪ್ಪುತ್ತಾರೆಯೇ ಎಂದು ಈಗಲೇ ತಿಳಿದುಕೊಳ್ಳಿ.

ಒಂದು ವಾರದಲ್ಲಿ ಉತ್ತರ ಬಾರದಿದ್ದರೆ ಅದೇ ಇಮೇಲ್‌ಗೆ ಉತ್ತರವಾಗಿ ಎರಡು ಸಾಲು ಬರೆದು ನೆನಪಿಸಿ. ಬೇರೆ ಬೇರೆಯವರಿಗೆ ಹೊಸ ಇಮೇಲ್ ಹಾಕುತ್ತ ಹೋದರೆ ನಿಮ್ಮ ಕಡತ ಚೂರುಚೂರಾಗುತ್ತದೆ. ಆಗುವುದಿಲ್ಲ ಎಂದರೆ ವಾದಕ್ಕಿಳಿಯದೆ ಒಂದೇ ಪ್ರಶ್ನೆ ಕೇಳಿ: ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿದರೆ ಇದೇ ಶಿಫಾರಸು ಪತ್ರ, ಟ್ರಾನ್ಸ್‌ಕ್ರಿಪ್ಟ್‌ಗಳನ್ನು ಬಳಸಿಕೊಳ್ಳುತ್ತೀರಾ, ಅರ್ಜಿ ಶುಲ್ಕ ಬಿಡುತ್ತೀರಾ? ಒಪ್ಪಿಗೆ ಬಂದರೆ ಆ ಪತ್ರದಲ್ಲಿ ಟರ್ಮ್, ಡಿಪಾಸಿಟ್ ಮತ್ತು 2027ರಲ್ಲಿ ನೀವು ಬರುವುದನ್ನು ಖಚಿತಪಡಿಸಬೇಕಾದ ಕೊನೆಯ ದಿನಾಂಕ, ಈ ಮೂರೂ ಇವೆಯೇ ನೋಡಿಕೊಳ್ಳಿ. ಆ ಕೊನೆಯ ದಿನಾಂಕ ಎಷ್ಟೋ ಸಲ ಬೇಸಿಗೆಗಿಂತ ಬಹಳ ಮುಂಚೆಯೇ ಇರುತ್ತದೆ. ಡೆಫರಲ್ ಸಿಕ್ಕಿಯೂ ಆ ಒಂದು ಇಮೇಲ್ ಕಳಿಸದೆ ಸೀಟು ಕಳೆದುಕೊಳ್ಳುವವರಿದ್ದಾರೆ. ಇವತ್ತೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅಮ್ಮನಿಗೂ ಹೇಳಿಡಿ. ಎಜುಕೇಶನ್ ಲೋನ್ ಸ್ಯಾಂಕ್ಷನ್ ಆಗಿದ್ದರೆ ಬ್ಯಾಂಕಿಗೂ ಡೆಫರಲ್ ಪತ್ರದ ಪ್ರತಿ ಕೊಟ್ಟು, ಸ್ಯಾಂಕ್ಷನ್ ಲೆಟರನ್ನು ಹೊಸ ದಿನಾಂಕಕ್ಕೆ ಮಾಡಿಕೊಡಲು ಏನೇನು ಬೇಕು ಎಂದು ಕೇಳಿ ಬನ್ನಿ.