ಮ್ಯಾಕುಲಾ ಕೆಳಗೆ ನೀರು: ಡಾಕ್ಟರು ಔಷಧಿ ಕೊಡದೆ ಕಾಯಿರಿ ಅಂದದ್ದು ಯಾಕೆ?

"ನನಗೆ 32 ವರ್ಷ. ಎರಡು ವಾರದಿಂದ ಎಡಗಣ್ಣಿನ ನಡುವೆ ಒಂದು ಮಸುಕು ಕಲೆ. ಸ್ಕ್ಯಾನ್ ಮಾಡಿ ಸಿಎಸ್‌ಆರ್ ಅಂದ್ರು, ಮ್ಯಾಕುಲಾ ಕೆಳಗೆ ನೀರಿದೆಯಂತೆ. ಟೆನ್ಶನ್ ಕಡಿಮೆ ಮಾಡ್ಕೊಳ್ಳಿ, ಮೂರು ತಿಂಗಳು ನೋಡೋಣ ಅಂತ ಯಾವ ಔಷಧಿಯೂ ಕೊಡದೆ ಕಳಿಸಿದ್ರು. ಹೀಗೆ ಕಾದ್ರೆ ಕಣ್ಣು ಹಾಳಾಗಲ್ವಾ?"

ಮ್ಯಾಕುಲಾ ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ಪರದೆಯಾದ ರೆಟಿನಾದ ನಡುಭಾಗ. ಅದರ ಕೆಳಗೆ ನೀರು ನಿಲ್ಲುವ ಕಾಯಿಲೆಯೇ ಸಿಎಸ್‌ಆರ್, ಸೆಂಟ್ರಲ್ ಸೀರಸ್ ರೆಟಿನೋಪತಿ. ಮೊದಲ ಸಲ ಬಂದಿದ್ದರೆ, ನಿಮ್ಮ ವಯಸ್ಸಿನವರಲ್ಲಿ ಹೆಚ್ಚಿನವರಿಗೆ ಕಣ್ಣು ಹಾಳಾಗುವುದಿಲ್ಲ. ಮೂರ್ನಾಲ್ಕು ತಿಂಗಳಲ್ಲಿ ನೀರು ತಾನಾಗಿಯೇ ಇಂಗುತ್ತದೆ. ಆದರೆ ಹಾಗೆ ಕಾಯುವಾಗ ಒಂದು ವಿಷಯವನ್ನು ಪತ್ತೆ ಮಾಡಲೇಬೇಕು. ಅದನ್ನು ನಿಮ್ಮನ್ನು ಯಾರಾದರೂ ಕೇಳಿದರೋ ಇಲ್ಲವೋ ಅನ್ನುವುದೇ ನನ್ನ ಚಿಂತೆ. ಅದಕ್ಕೆ ಬರುತ್ತೇನೆ.

ನಾನು ರೆಟಿನಾ ಕ್ಲಿನಿಕ್ ಒಂದರಲ್ಲಿ ಆಪ್ಟೋಮೆಟ್ರಿಸ್ಟ್. ನಂಬರ್ ನೋಡುವುದು, ರೆಟಿನಾದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನ್ ತೆಗೆಯುವುದು ನನ್ನ ಕೆಲಸ. ಚಿಕಿತ್ಸೆ ತೀರ್ಮಾನಿಸುವುದು ಡಾಕ್ಟರು. ಆದರೂ ಈ ಕಾಯಿಲೆಯವರ ಜೊತೆ ಹೆಚ್ಚು ಹೊತ್ತು ಮಾತಾಡುವವಳು ನಾನೇ. ನಿಮ್ಮ ಹಾಗೇ ಬಂದಿದ್ದ ಒಬ್ಬರ ಕತೆ ಹೇಳಿದರೆ ಸುಲಭವಾಗಿ ಅರ್ಥವಾಗುತ್ತದೆ.

ಅವರಿಗೆ 33 ವರ್ಷ. ಕೆಲಸದ ಗಡುವು ತಲೆಮೇಲೆ ಕೂತಿತ್ತು, ತಿಂಗಳಿಂದ ನಾಲ್ಕೈದು ಗಂಟೆಗಿಂತ ಜಾಸ್ತಿ ನಿದ್ದೆ ಇಲ್ಲ. ಒಂದು ಬೆಳಿಗ್ಗೆ ಫೋನಿನ ಬಿಳಿ ಪರದೆಯ ಮೇಲೆ ಚಹಾ ಚೆಲ್ಲಿ ಒಣಗಿದಂಥ ದುಂಡನೆ ಕಲೆ ಕಂಡಿತು. ಒರೆಸಿದರು, ಹೋಗಲಿಲ್ಲ. ಬಲಗಣ್ಣು ಮುಚ್ಚಿ ಬಾಗಿಲ ಚೌಕಟ್ಟು ನೋಡಿದಾಗ ನೆಟ್ಟಗಿದ್ದ ಮರ ನಡುವೆ ಬಳುಕಿತ್ತು. ಎದುರಿಗಿದ್ದವರ ಮುಖ ಎಡಗಣ್ಣಿಗೆ ಸ್ವಲ್ಪ ಚಿಕ್ಕದಾಗಿ ಕಾಣುತ್ತಿತ್ತು. ನೋವಿಲ್ಲ, ಕೆಂಪಿಲ್ಲ.

ನಾನು ಚಾರ್ಟ್ ಓದಿಸಿದಾಗ ಎಡಗಣ್ಣು 6/12. ಎದುರಿಗೆ +0.75 ಲೆನ್ಸ್ ಹಿಡಿದೆ, ಎರಡು ಸಾಲು ಕೆಳಗೆ ಓದಿದರು. ಹಿಂದೆಂದೂ ಕನ್ನಡಕ ಬೇಕಾಗಿರದ ಕಣ್ಣು ಇದ್ದಕ್ಕಿದ್ದಂತೆ ಪ್ಲಸ್ ಪವರ್ ಕೇಳಿದರೆ ನನಗೆ ಒಳಗೆ ನೀರಿನ ಅನುಮಾನ ಬರುತ್ತದೆ. ರೆಟಿನಾ ಮುಂದಕ್ಕೆ ಉಬ್ಬಿದಾಗ ಬೆಳಕು ಕೂಡುವ ಜಾಗ ಅದರ ಹಿಂದಕ್ಕೆ ಬೀಳುತ್ತದೆ. ಸ್ಕ್ಯಾನ್‌ನಲ್ಲಿ ನಡುವೆ ಪುಟ್ಟ ಗುಮ್ಮಟದಂತೆ ರೆಟಿನಾ ಮೇಲೆದ್ದಿತ್ತು. ಕೆಳಗಿನ ಕಪ್ಪು ಜಾಗವೇ ನೀರು. ಎತ್ತರ 310 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗವೂ ಇಲ್ಲ. ಲೆನ್ಸಿನ ಲೆಕ್ಕಕ್ಕೂ ಅದು ಸರಿಯಾಗಿ ಹೊಂದಿತು.

(ಈ ಪವರ್ ನೋಡಿ ಹೊಸ ಕನ್ನಡಕ ಮಾಡಿಸಬೇಡಿ. ನೀರು ಇಳಿದ ಹಾಗೆ ಪವರ್ ಕೂಡ ಇಳಿಯುತ್ತದೆ, ದುಡ್ಡು ದಂಡ.)

ಆ ನೀರು ಬರುವುದು ಎಲ್ಲಿಂದ? ರೆಟಿನಾದ ಹಿಂದೆ ಕೊರಾಯ್ಡ್ ಅನ್ನುವ ಪದರವಿದೆ, ತುಂಬ ರಕ್ತನಾಳಗಳು. ಎರಡರ ನಡುವೆ ಒಂದೇ ಸಾಲಿನ ಜೀವಕೋಶಗಳ ಪಿಗ್ಮೆಂಟ್ ಪದರ. ಇದು ಗೋಡೆಯೂ ಹೌದು, ಪಂಪೂ ಹೌದು. ರೆಟಿನಾ ಕಡೆಯ ನೀರನ್ನು ಸದಾ ಹಿಂದಕ್ಕೆ ಎಳೆದು ಹಾಕುತ್ತಿರುತ್ತದೆ. ಸಿಎಸ್‌ಆರ್ ಇರುವವರಲ್ಲಿ ಕೊರಾಯ್ಡ್ ದಪ್ಪಗಾಗಿ, ನಾಳಗಳು ಊದಿಕೊಂಡು ಒಸರುತ್ತಿರುತ್ತವೆ. ಆ ಒತ್ತಡ ತಡೆಯಲಾರದೆ ಗೋಡೆ ಒಂದು ಚುಕ್ಕಿಯಷ್ಟು ಜಾಗದಲ್ಲಿ ಬಿಟ್ಟುಕೊಡುತ್ತದೆ. ಅಲ್ಲಿಂದ ನೀರು ಮೇಲೆ ಬಂದು ಮ್ಯಾಕುಲಾ ಕೆಳಗೆ ನಿಲ್ಲುತ್ತದೆ. ತೂತು ಮುಚ್ಚಿಕೊಂಡರೆ ಸುತ್ತಲಿನ ಪಂಪುಗಳು ಉಳಿದ ನೀರನ್ನು ಎಳೆದುಕೊಳ್ಳುತ್ತವೆ. ಡಾಕ್ಟರು ಕಾಯುವುದು ಇದಕ್ಕೇ. ನಾನು ಕತೆ ಹೇಳುತ್ತಿರುವವರ ಬಲಗಣ್ಣಿನ ಕೊರಾಯ್ಡ್ ಕೂಡ ದಪ್ಪಗಿತ್ತು, ಅಲ್ಲಿ ನೀರು ಮಾತ್ರ ಇರಲಿಲ್ಲ. ಇದು ಬಹಳ ಸಾಮಾನ್ಯ.

ಈಗ ಆ ಪತ್ತೆ ಮಾಡಬೇಕಾದ ವಿಷಯ: ಸ್ಟಿರಾಯ್ಡ್. ಟೆನ್ಶನ್ ಆದಾಗ ದೇಹ ಕಾರ್ಟಿಸಾಲ್ ಅನ್ನುವ ಹಾರ್ಮೋನನ್ನು ಜಾಸ್ತಿ ಸುರಿಯುತ್ತದೆ. ಸ್ಟಿರಾಯ್ಡ್ ಔಷಧಿ ಕೂಡ ಅದೇ ಜಾತಿಯದು, ಅದರಿಂದಲೂ ಸಿಎಸ್‌ಆರ್ ಬರಬಹುದು. ಒತ್ತಡಕ್ಕೂ ಈ ಕಾಯಿಲೆಗೂ ನಂಟಿದೆ ಅನ್ನುವುದು ನಿಜ, ಆದರೆ ಒಬ್ಬರ ಒತ್ತಡವನ್ನು ಅಳೆಯಲು ಆಗುವುದಿಲ್ಲ, ನಾಳೆಯಿಂದ ನಿಲ್ಲಿಸಿ ಅನ್ನಲೂ ಆಗುವುದಿಲ್ಲ. ಸ್ಟಿರಾಯ್ಡ್ ಹಾಗಲ್ಲ, ಹೆಸರು ಹಿಡಿದು ಹುಡುಕಬಹುದು. "ಟೆನ್ಶನ್‌ನಿಂದ ಬಂದಿದೆ" ಅಂತ ಹೇಳಿ ಅಲ್ಲಿಗೇ ಬಿಡುವುದು ನನಗೆ ಸರಿ ಕಾಣುವುದಿಲ್ಲ. ಅರ್ಧ ಕೆಲಸ ಬಾಕಿ ಉಳಿಯುತ್ತದೆ.

ಅವರನ್ನು "ಯಾವುದಾದರೂ ಔಷಧಿ ತಗೊಳ್ತೀರಾ?" ಅಂತ ಕೇಳಿದೆ. ಏನೂ ಇಲ್ಲ ಅಂದರು. ಎಲ್ಲರೂ ಹಾಗೇ ಹೇಳುತ್ತಾರೆ, ಯಾಕೆಂದರೆ ಔಷಧಿ ಅಂದರೆ ಜನರಿಗೆ ಮಾತ್ರೆ. ಆಮೇಲೆ ಒಂದೊಂದಾಗಿ ಕೇಳಿದೆ: ದಮ್ಮಿಗೆ ಇನ್ಹೇಲರ್? ಚರ್ಮಕ್ಕೆ, ಮುಖಕ್ಕೆ ಕ್ರೀಮ್? ಮಂಡಿಗೆ, ಬೆನ್ನಿಗೆ ಇಂಜೆಕ್ಷನ್? ಹೆಸರಿಲ್ಲದ ಪುಡಿ, ಪೊಟ್ಟಣ? ಮೂಗಿಗೆ ಸ್ಪ್ರೇ? ಅಲ್ಲಿ ಸಿಕ್ಕಿತು. ಅಲರ್ಜಿಗೆ ಅಂತ ಎರಡು ವರ್ಷದಿಂದ ದಿನಾ ಮೂಗಿಗೆ ಹೊಡೆದುಕೊಳ್ಳುತ್ತಿದ್ದರು, ಅದು ಸ್ಟಿರಾಯ್ಡ್ ಸ್ಪ್ರೇ. ಮೂಗಿನ ಡಾಕ್ಟರ ಜೊತೆ ಮಾತಾಡಿ ಸ್ಟಿರಾಯ್ಡ್ ಇಲ್ಲದ್ದಕ್ಕೆ ಬದಲಾಯಿಸಿದರು. ನಿಮ್ಮಲ್ಲೂ ಏನಾದರೂ ಸಿಕ್ಕರೆ ಹೀಗೇ ಮಾಡಿ, ಬರೆದುಕೊಟ್ಟವರನ್ನು ಕೇಳಿ. ಮಾತ್ರೆಯ ರೂಪದಲ್ಲಿ ದಿನಗಟ್ಟಲೆ ನುಂಗುತ್ತಿದ್ದರಂತೂ ನೀವಾಗಿ ಥಟ್ಟನೆ ನಿಲ್ಲಿಸಬೇಡಿ. ದೇಹ ತನ್ನ ಕಾರ್ಟಿಸಾಲ್ ಮಾಡುವುದನ್ನು ಮರೆತಿರುತ್ತದೆ, ಜೀವಕ್ಕೇ ಅಪಾಯ ಆಗಬಹುದು.

ಇದರದ್ದೇ ಇನ್ನೊಂದು ಮುಖ ಇದೆ. ಚಿಕ್ಕ ವಯಸ್ಸಿನವರಿಗೆ ಒಂದು ಕಣ್ಣು ಮಸುಕಾದರೆ ಕೆಲವೊಮ್ಮೆ ಕಣ್ಣಿನ ನರದ ಊತ ಅಂತ ತಪ್ಪು ತಿಳಿದು ಸ್ಟಿರಾಯ್ಡ್ ಶುರು ಮಾಡುತ್ತಾರೆ. ಸಿಎಸ್‌ಆರ್‌ಗೆ ಅದು ಬೆಂಕಿಗೆ ಎಣ್ಣೆ ಹೊಯ್ದ ಹಾಗೆ. ನರದ ಊತದಲ್ಲಿ ಸಾಮಾನ್ಯವಾಗಿ ಕಣ್ಣು ಹೊರಳಿಸಿದರೆ ನೋವಿರುತ್ತದೆ. ಸಿಎಸ್‌ಆರ್‌ನಲ್ಲಿ ನೋವಿಲ್ಲ, ಗೆರೆಗಳು ಬಳುಕುತ್ತವೆ. ಅನುಮಾನವಿದ್ದರೆ ಓಸಿಟಿ ಎರಡು ನಿಮಿಷದಲ್ಲಿ ತೀರ್ಮಾನ ಮಾಡುತ್ತದೆ.

ಒಂದು ತಿಂಗಳ ನಂತರ ಅವರು ಬಂದಾಗ 280 ಮೈಕ್ರಾನ್. ಬಹಳ ಸಪ್ಪೆಯಾದರು. ದಿನಕ್ಕೆ ಹತ್ತು ಸಲ ಒಂದು ಕಣ್ಣು ಮುಚ್ಚಿ ಗೋಡೆ ನೋಡುತ್ತಿದ್ದರಂತೆ. ಮೊದಲ ತಿಂಗಳು ನೀರು ಹೆಚ್ಚು ಇಳಿಯದೆ ಇರುವುದು ಮಾಮೂಲಿ, ಯಾಕೆಂದರೆ ತೂತು ಇನ್ನೂ ತೆರೆದೇ ಇರಬಹುದು. ಚೌಕುಳಿ ಹಾಳೆ ಕೊಟ್ಟು, ವಾರಕ್ಕೆ ಒಂದೇ ಸಲ, ಒಂದೇ ಬೆಳಕಿನಲ್ಲಿ, ಒಂದೊಂದೇ ಕಣ್ಣಿನಿಂದ ನೋಡಿ, ಬಳುಕಿದ ಜಾಗಕ್ಕೆ ಪೆನ್ಸಿಲ್ ಗೆರೆ ಹಾಕಿ ಅಂದೆ. ಎರಡೂವರೆ ತಿಂಗಳಿಗೆ 90 ಮೈಕ್ರಾನ್. ನಾಲ್ಕನೇ ತಿಂಗಳಿಗೆ ಸ್ಕ್ಯಾನ್‌ನಲ್ಲಿ ನೀರಿಲ್ಲ. ಚಾರ್ಟ್‌ನಲ್ಲಿ 6/6.

ಆದರೂ ಅವರು ಖುಷಿಯಾಗಿರಲಿಲ್ಲ. "ಅಕ್ಷರ ಓದ್ತೀನಿ ಮೇಡಂ, ಆದರೆ ಈ ಕಣ್ಣಿಗೆ ಕೆಂಪು ಬಣ್ಣ ತೊಳೆದ ಬಟ್ಟೆ ಥರ ಕಾಣುತ್ತೆ" ಅಂದರು. ನೀರು ಹೋದ ದಿನವೇ ನೋಟ ಪೂರ್ತಿ ಬರುವುದಿಲ್ಲ ಅಂತ ಮೊದಲೇ ಹೇಳಬೇಕಿತ್ತು, ನಾನು ಹೇಳಿರಲಿಲ್ಲ. ಬೆಳಕು ಹಿಡಿಯುವ ಜೀವಕೋಶಗಳು ಪಿಗ್ಮೆಂಟ್ ಪದರಕ್ಕೆ ಅಂಟಿಕೊಂಡಿದ್ದರೇನೇ ಚೆನ್ನಾಗಿ ಕೆಲಸ ಮಾಡುವುದು. ತಿಂಗಳುಗಟ್ಟಲೆ ನೀರಿನ ಮೇಲೆ ತೇಲಿದ ಮೇಲೆ ಅವು ಮತ್ತೆ ಅಂಟಿ, ತುದಿಗಳನ್ನು ಬೆಳೆಸಿಕೊಂಡು ಸರಿಹೋಗಲು ಇನ್ನೂ ಕೆಲವು ತಿಂಗಳು ಹಿಡಿಯುತ್ತದೆ. ಅವರಿಗೆ ಬಣ್ಣ ಸುಮಾರಾಗಿ ವಾಪಸ್ ಬಂತು. ಮಬ್ಬು ಬೆಳಕಿನಲ್ಲಿ ಎರಡು ಕಣ್ಣಿಗೂ ಚೂರು ವ್ಯತ್ಯಾಸ ಉಳಿದಿದೆ, ಹುಡುಕಿದರೆ ಮಾತ್ರ ಗೊತ್ತಾಗುವಷ್ಟು.

ಕಾಯುವುದಕ್ಕೂ ಮಿತಿ ಇರುವುದು ಇದೇ ಕಾರಣಕ್ಕೆ. ಮೂರ್ನಾಲ್ಕು ತಿಂಗಳಾದರೂ ನೀರು ಇಳಿಯುವ ಲಕ್ಷಣ ಇಲ್ಲದಿದ್ದರೆ, ಅಥವಾ ಪದೇಪದೇ ಬರುತ್ತಿದ್ದರೆ, ಸುಮ್ನೆ ದಿನ ತಳ್ಳಬಾರದು. ತುಂಬ ಕಾಲ ತೇಲಿದ ಜೀವಕೋಶಗಳು ಸಾಯುತ್ತವೆ, ಅವು ಮತ್ತೆ ಹುಟ್ಟುವುದಿಲ್ಲ. ಆಗ ಬಣ್ಣದ ಇಂಜೆಕ್ಷನ್ ಕೈಗೆ ಕೊಟ್ಟು ಆಂಜಿಯೋಗ್ರಾಂ ತೆಗೆದು ಸೋರುವ ಜಾಗ ಗುರುತಿಸುತ್ತಾರೆ. ನಡುವಿನಿಂದ ದೂರವಿದ್ದರೆ ಆ ಚುಕ್ಕಿಗೆ ಲೇಸರ್ ಸಾಕಾಗಬಹುದು. ನಡುವೆಯೇ ಇದ್ದರೆ ಲೇಸರ್ ಸುಟ್ಟ ಕಲೆ ಉಳಿಸುತ್ತದೆ. ಅಲ್ಲಿಗೆ ಅರ್ಧ ಡೋಸಿನ ಪಿಡಿಟಿ ಒಳ್ಳೆಯದು: ವರ್ಟೆಪೋರ್ಫಿನ್ ಔಷಧಿಯನ್ನು ರಕ್ತಕ್ಕೆ ಬಿಟ್ಟು, ಸುಡದ ಬೆಳಕನ್ನು ಒಂದೂವರೆ ನಿಮಿಷಕ್ಕಿಂತ ಕಡಿಮೆ ಹೊತ್ತು ಕಣ್ಣಿಗೆ ಬಿಡುತ್ತಾರೆ. ಊದಿದ ಕೊರಾಯ್ಡ್ ನಾಳಗಳು ಸಂಕುಚಿಸುತ್ತವೆ. ಆಮೇಲೆ ಎರಡು ದಿನವಾದರೂ ಬಿಸಿಲಿಗೆ ಮೈಯೊಡ್ಡುವಂತಿಲ್ಲ. ಔಷಧಿ ಎಲ್ಲ ಕಡೆ ಸಿಗುವುದಿಲ್ಲ, ಅದೊಂದು ತಲೆನೋವು. ಎಪ್ಲೆರಿನೋನ್ ಮಾತ್ರೆಯ ಮೇಲೆ ಒಂದು ಕಾಲದಲ್ಲಿ ಬಹಳ ಭರವಸೆ ಇತ್ತು. 2020ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಅದು ಔಷಧಿಯೇ ಇಲ್ಲದ ತೋರಿಕೆಯ ಮಾತ್ರೆಗಿಂತ ಮೇಲು ಅಂತ ಕಾಣಲಿಲ್ಲ.

ನಿದ್ದೆಯ ವಿಷಯ ಒಂದು ಮಾತು. ಜೋರಾಗಿ ಗೊರಕೆ ಹೊಡೆಯುತ್ತೀರಾ, ಮಲಗಿದಾಗ ಉಸಿರು ಕಟ್ಟಿ ಎಚ್ಚರವಾಗುತ್ತಾ ಅಂತ ಮನೆಯವರನ್ನು ಕೇಳಿ. ಹೌದು ಅಂದರೆ ಅದನ್ನೂ ಪರೀಕ್ಷೆ ಮಾಡಿಸಿ, ಅದಕ್ಕೂ ಸಿಎಸ್‌ಆರ್‌ಗೂ ನಂಟಿದೆ. ಕಂಪ್ಯೂಟರ್ ನೋಡಿದ್ದಕ್ಕೆ ನೀರು ತುಂಬಿತು ಅನ್ನುವುದನ್ನು ಮಾತ್ರ ನಂಬಬೇಡಿ. ಇನ್ನು, ಒಂದು ಬದಿಯಿಂದ ಕಪ್ಪು ತೆರೆ ಎಳೆದ ಹಾಗಾದರೆ, ಮಿಂಚು ಹೊಡೆದಂತಾದರೆ, ಕಪ್ಪು ಚುಕ್ಕಿಗಳು ರಾಶಿ ತೇಲಿದರೆ, ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯದೆ ಅದೇ ದಿನ ಹೋಗಿ. ಅವು ಸಿಎಸ್‌ಆರ್‌ನ ಲಕ್ಷಣ ಅಲ್ಲ.

ಮೂವರಲ್ಲಿ ಒಬ್ಬರಿಗಾದರೂ ಇದು ಮತ್ತೆ ಬರುತ್ತದೆ. ಅವರಿಗೂ ಬಂತು, ಹದಿನಾಲ್ಕು ತಿಂಗಳ ನಂತರ. ಚೌಕುಳಿ ಹಾಳೆಯಲ್ಲಿ ಒಂದು ಗೆರೆ ಬಳುಕಿದ್ದು ನೋಡಿ ಮೂರನೇ ದಿನಕ್ಕೇ ಬಂದರು. 80 ಮೈಕ್ರಾನ್ ಇತ್ತು. ಈ ಸಲ ನಾನು ಬಾಯಿ ತೆರೆಯುವ ಮೊದಲೇ ಜೇಬಿನಿಂದ ಒಂದು ಟ್ಯೂಬ್ ತೆಗೆದು ಮೇಜಿನ ಮೇಲಿಟ್ಟರು. ತೊಡೆಯ ತುರಿಕೆಗೆ ಅಂಗಡಿಯವರನ್ನೇ ಕೇಳಿ ತಂದು ಒಂದು ತಿಂಗಳಿಂದ ಹಚ್ಚುತ್ತಿದ್ದ ಮುಲಾಮು. ಅದೇ ಕಾರಣ ಅಂತ ಆಣೆ ಮಾಡಿ ಹೇಳಲಾರೆ. ನಿಲ್ಲಿಸಿದರು, ಆರು ವಾರಕ್ಕೆ ನೀರು ಹೋಯಿತು.