‘ಏನೂ ಕೊಟ್ಟಿಲ್ಲ ಡಾಕ್ಟ್ರೇ, ಬರೀ ಹಾಲು’

ಪ್ರಶ್ನೆ: ಗುರುವಾರ ಬೆಳಿಗ್ಗೆ 10ಕ್ಕೆ ನಮ್ಮ ಲ್ಯಾಬ್ರಡಾರ್‌ಗೆ ಗರ್ಭಕೋಶ ತೆಗೆಯುವ ಆಪರೇಷನ್. ಹಿಂದಿನ ಮಧ್ಯಾಹ್ನದಿಂದಲೇ ಉಪವಾಸ ಇಡಿ, ನೀರೂ ಬೇಡ ಅಂತಾರೆ ಪಕ್ಕದ ಮನೆಯವರು. ಪಾಪ, ಬೆಳಿಗ್ಗೆ ಒಂದು ಬಟ್ಟಲು ಹಾಲು ಕೊಡಬಹುದಾ? (ಮಂಡ್ಯ)

ಕೊಡಬೇಡಿ. ಹಾಲು ನೀರಲ್ಲ, ಊಟ. ಹೊಟ್ಟೆಗೆ ಹೋದ ಮೇಲೆ ಒಡೆದು ಗಟ್ಟಿಯಾಗುತ್ತೆ.

ಮೂರು ವರ್ಷದ ಹಿಂದೆ ಮೈಸೂರಿನ ಒಂದು ಮನೆಯವರು 18 ಕಿಲೋದ ನಾಟಿ ನಾಯಿ ಕರೆತಂದಿದ್ದರು. ಬೀಜ ತೆಗೆಯುವ ಸಣ್ಣ ಆಪರೇಷನ್. ‘ಏನಾದ್ರೂ ಕೊಟ್ರಾ?’ ಅಂತ ಎರಡು ಸಲ ಕೇಳಿದೆ, ಇಲ್ಲ ಅಂದರು. ಮತ್ತಿನ ಇಂಜೆಕ್ಷನ್ ಕೊಟ್ಟು ಗಂಟಲಿಗೆ ಟ್ಯೂಬ್ ಹಾಕಬೇಕು ಅನ್ನುವಷ್ಟರಲ್ಲಿ ಬಾಯಿಯ ಅಂಚಿನಿಂದ ಬಿಳಿ ಗರಣೆ ಇಳಿಯಿತು. ಅದರಲ್ಲಿ ಬಿಸ್ಕತ್ತಿನ ಚೂರು. ಓಕರಿಕೆಯ ಸದ್ದೇ ಇಲ್ಲ. ಮತ್ತಿನಲ್ಲಿ ಅನ್ನನಾಳದ ಕೆಳಬಾಗಿಲು ಸಡಿಲವಾಗುತ್ತೆ, ನುಂಗುವುದೂ ಕೆಮ್ಮುವುದೂ ನಿಂತುಹೋಗುತ್ತೆ. ಹೊಟ್ಟೆಯಲ್ಲಿದ್ದದ್ದು ಸುಮ್ನೆ ಮೇಲೆ ಬಂದು ಶ್ವಾಸನಾಳಕ್ಕೆ ಜಾರುತ್ತೆ.

ತಲೆ ತಗ್ಗಿಸಿ, ಸಕ್ಷನ್‌ನಲ್ಲಿ ಎಳೆದು, ಟ್ಯೂಬ್ ಹಾಕಿ ಅದರ ಬಲೂನು ಉಬ್ಬಿಸಿದೆವು. ಆಪರೇಷನ್ ಬಿಟ್ಟೆವು. ಆದರೂ ಸ್ವಲ್ಪ ಒಳಗೆ ಹೋಗಿತ್ತು. ಮರುದಿನ ರಾತ್ರಿ 104 ಡಿಗ್ರಿ ಜ್ವರ, ಮಲಗಿದ್ದಾಗಲೂ ನಿಮಿಷಕ್ಕೆ 50 ಉಸಿರು. ಎಕ್ಸ್‌ರೇನಲ್ಲಿ ಬಲ ಶ್ವಾಸಕೋಶದ ನಡುಭಾಗ ಬೆಳ್ಳಗೆ ಕಂಡಿತು. ನಾಯಿ ಬದುಕಿತು, ಆದರೆ ವಾರಗಟ್ಟಲೆ ಔಷಧಿ ಬೇಕಾಯಿತು. ಆಮೇಲೆ ಗೊತ್ತಾಯಿತು, ಬೆಳಿಗ್ಗೆ ಐದೂವರೆಗೆ ಅಜ್ಜಿ ಹಾಲು-ಬಿಸ್ಕತ್ತು ಹಾಕಿದ್ದರಂತೆ. ಅಜ್ಜಿಯ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಯಾರೂ ಹೇಳೇ ಇರಲಿಲ್ಲ.

ಹಾಗಂತ ಪಕ್ಕದ ಮನೆಯವರ ಮಾತೂ ಕೇಳಬೇಡಿ. ಜಾಸ್ತಿ ಹೊತ್ತು ಖಾಲಿ ಇದ್ದರೆ ಹೊಟ್ಟೆಯ ರಸದ ಹುಳಿ ಹೆಚ್ಚುತ್ತೆ. ಅದು ಮತ್ತಿನಲ್ಲಿ ಮೇಲೆ ಬಂದರೆ ಅನ್ನನಾಳ ಸುಡುತ್ತೆ. ಕೆಲವು ನಾಯಿಗಳಲ್ಲಿ ಒಂದರಿಂದ ಮೂರು ವಾರದ ಮೇಲೆ ಆ ಜಾಗ ಕಿರಿದಾಗುತ್ತೆ. ನೀರು ಇಳಿಯುತ್ತೆ, ಅನ್ನ ಉಂಡ ಕೂಡಲೇ ಹಾಗೇ ವಾಪಸ್. ಆಗ ‘ಆಪರೇಷನ್ ಸರಿಯಾಗಲಿಲ್ಲ’ ಅಂತ ನಮ್ಮನ್ನು ಬೈಯುತ್ತಾರೆ.

ಆರೋಗ್ಯವಂತ, ಬೆಳೆದ ನಾಯಿಗೆ 4ರಿಂದ 6 ಗಂಟೆ ಊಟ ಬಿಟ್ಟರೆ ಸಾಕು ಅಂತ ಅಮೆರಿಕದ ಪ್ರಾಣಿ ಆಸ್ಪತ್ರೆಗಳ ಸಂಘ 2020ರಲ್ಲೇ ಹೇಳಿದೆ. ನಾನು ಮಾತ್ರ 10 ಗಂಟೆಯ ಆಪರೇಷನ್‌ಗೆ ಹಿಂದಿನ ರಾತ್ರಿ 10ರ ಮೇಲೆ ನೀರು ಬಿಟ್ಟು ಏನೂ ಬೇಡ ಅನ್ನುತ್ತೇನೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಯಾರು ನಾಯಿಗೆ ಊಟ ಹಾಕುತ್ತಾರೆ, ಅಲ್ವಾ? ರಾತ್ರಿ ಎಂದಿನ ಊಟದ ಮುಕ್ಕಾಲು ಪಾಲು ಕೊಡಿ. ಕೊಬ್ಬಿನ ಮಾಂಸ, ಮೂಳೆ ಬೇಡ. ನೀರಿನ ಬಟ್ಟಲು ಮನೆ ಬಿಡುವವರೆಗೂ ಇರಲಿ. ಬೆಳಿಗ್ಗೆ ಯಾರಾದರೂ ಏನಾದರೂ ಹಾಕಿದ್ದರೆ ಬಂದ ಕೂಡಲೇ ಹೇಳಿ. ಆಪರೇಷನ್ ಮುಂದಕ್ಕೆ ಹೋಗುತ್ತೆ, ಅಷ್ಟೇ.

ಎರಡು ಕಿಲೋ ಒಳಗಿನ ಮರಿಗೆ ಈ ಲೆಕ್ಕ ಹಾಕಬೇಡಿ, ಅದನ್ನು ಒಂದೆರಡು ಗಂಟೆಗಿಂತ ಜಾಸ್ತಿ ಹಸಿದಿಟ್ಟರೆ ಸಕ್ಕರೆ ಇಳಿದುಬಿಡುತ್ತೆ. ಸಕ್ಕರೆ ಕಾಯಿಲೆಯ ನಾಯಿ, ಪಗ್‌ನಂಥ ಚಪ್ಪಟೆ ಮೂಗಿನ ನಾಯಿ ಇದ್ದರೆ ನಿಮ್ಮ ಡಾಕ್ಟರನ್ನೇ ಕೇಳಿ.

ಪ್ರಶ್ನೆ: ನಾಯಿ ಚೆನ್ನಾಗಿ ಓಡಾಡ್ತಿದೆ. ಆಪರೇಷನ್‌ಗೆ ಮುಂಚೆ ರಕ್ತ ಪರೀಕ್ಷೆ ಸುಮ್ನೆ ದುಡ್ಡು ಮಾಡೋಕೆ ತಾನೇ?

ನಿಮ್ಮ ನಾಯಿಯ ಕಿವಿಯೊಳಗೆ ಉಣ್ಣೆ ಹುಳ ಇದೆಯಾ ನೋಡಿ. ಉಣ್ಣೆ ಜ್ವರ ಒಳಗೇ ಇದ್ದು ಪ್ಲೇಟ್‌ಲೆಟ್ ಕುಸಿದಿದ್ದರೂ ನಾಯಿ ಬಾಲ ಅಲ್ಲಾಡಿಸುತ್ತಲೇ ಇರುತ್ತೆ. ಹೊಟ್ಟೆ ಕೊಯ್ದ ಮೇಲೆ ರಕ್ತ ನಿಲ್ಲದಿದ್ದಾಗ ಗೊತ್ತಾಗುವುದು ಬೇಡ. ಪ್ಲೇಟ್‌ಲೆಟ್ ಒಂದು ಲಕ್ಷದೊಳಗಿದ್ದರೆ ನಾನು ತುರ್ತಲ್ಲದ ಆಪರೇಷನ್‌ಗೆ ಕೈ ಹಾಕಲ್ಲ. ಕ್ರಿಯಾಟಿನಿನ್, ಲಿವರ್ ಪರೀಕ್ಷೆ ಯಾಕೆಂದರೆ, ಕೊಟ್ಟ ಮತ್ತನ್ನು ದೇಹದಿಂದ ಹೊರಹಾಕುವುದು ಕಿಡ್ನಿ, ಲಿವರ್‌ಗಳೇ.

ಪ್ರಶ್ನೆ: ಮನೆಗೆ ಬಂದ ಮೇಲೆ ಕುಂಯ್‌ಗುಡುತ್ತೆ, ನಡುಗುತ್ತೆ. ನಮ್ಮ ನೋವಿನ ಮಾತ್ರೆ ಅರ್ಧ ಕೊಡಲಾ?

ಕಾಲು ಭಾಗವೂ ಬೇಡ. ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿ ಕೆಡಿಸುತ್ತವೆ. ಮೊದಲ ಕೆಲವು ಗಂಟೆಯ ಕುಂಯ್‌ಗುಟ್ಟುವಿಕೆ ಬಹಳ ಸಲ ಮತ್ತಿಳಿಯುವಾಗಿನ ಗೊಂದಲ. ದೀಪ ಆರಿಸಿ, ನೆಲದ ಮೇಲೆ ಹಳೇ ಕಂಬಳಿ ಹಾಸಿ ಮಲಗಿಸಿ, ಮಂಚದ ಮೇಲೆ ಬೇಡ. ಎದ್ದು ನಿಂತು ಸರಿಯಾಗಿ ನುಂಗುವಂತಾದ ಮೇಲೆ ನಾಲ್ಕು ಚಮಚ ನೀರು. ಅದು ಹೊಟ್ಟೆಯಲ್ಲಿ ಉಳಿದರೆ ರಾತ್ರಿ ಕಾಲು ಪಾಲು ಊಟ. ವಸಡು ಒತ್ತಿ ಬಿಡಿ, ಎರಡು ಸೆಕೆಂಡಿನಲ್ಲಿ ಗುಲಾಬಿ ಬಣ್ಣ ಮರಳಬೇಕು. ವಸಡು ಬಿಳಿಚಿದ್ದರೆ, ನಿದ್ದೆಯಲ್ಲಿ ಉಸಿರು ನಿಮಿಷಕ್ಕೆ 40 ದಾಟಿದರೆ ಬೆಳಗಾಗುವವರೆಗೆ ಕಾಯಬೇಡಿ.

ಪ್ರಶ್ನೆ: ಹೊಲಿಗೆಗೆ ಅರಿಶಿನ, ಬೂದಿ ಹಚ್ಚಬಹುದಾ? ನಮ್ಮೂರ ಪಂಡಿತರು ಹೇಳಿದ್ರು.

ಬೇಡ. ಹೊಲಿಗೆ ನೆಕ್ಕದಂತೆ ನಾಯಿಯ ಕುತ್ತಿಗೆಗೆ ಕೋನ್ ಹಾಕಿ, ಹೊಲಿಗೆ ಬಿಚ್ಚುವವರೆಗೂ ತೆಗೆಯಬೇಡಿ.